ನಿಂತ ಪಿಂಚಣಿಗೆ ಒಂದು ಪುಟದ ಪತ್ರ

ನಿವೃತ್ತ ಶಿಕ್ಷಕರೊಬ್ಬರು ಜೀವಂತ ಪ್ರಮಾಣಪತ್ರವನ್ನು ಲಗತ್ತಿಸಿ, ಬಾರದೆ ಉಳಿದ ಪಿಂಚಣಿಯ ಬಗ್ಗೆ ವಿಚಾರಿಸಿ ಬರೆಯುವ ಪತ್ರ ಒಂದೇ ಪುಟದ್ದಾದರೂ ಅದು ಎರಡು ಕೆಲಸ ಮಾಡಬೇಕು. ಪಿಂಚಣಿದಾರರು ಜೀವಂತವಾಗಿದ್ದಾರೆ ಎಂಬುದಕ್ಕೆ ದಾಖಲೆ ಒದಗಿಸುವುದು ಮೊದಲನೆಯದು. ಯಾವ ತಿಂಗಳ ಹಣ ಬಂದಿಲ್ಲ, ಅದು ಯಾವ ಕಾರಣಕ್ಕೆ ನಿಂತಿದೆ, ಯಾವಾಗ ಜಮೆಯಾಗುತ್ತದೆ ಎಂಬುದಕ್ಕೆ ಲಿಖಿತ ಉತ್ತರ ಪಡೆಯುವುದು ಎರಡನೆಯದು. ಪ್ರಮಾಣಪತ್ರವನ್ನಷ್ಟೇ ಕೊಟ್ಟು ಬಂದರೆ ಹಿಂದಿನ ಬಾಕಿಯ ಪ್ರಶ್ನೆ ಹಾಗೆಯೇ ಉಳಿಯಬಹುದು. ಪ್ರಮಾಣಪತ್ರವಿಲ್ಲದೆ ಬಾಕಿಯನ್ನಷ್ಟೇ ಕೇಳಿದರೆ, ಮೊದಲು ಅದನ್ನು ತನ್ನಿ ಎಂಬ ಉತ್ತರ ಬರುತ್ತದೆ. ಆದ್ದರಿಂದ ಎರಡೂ ಒಂದೇ ಪತ್ರದಲ್ಲಿ, ಒಂದಕ್ಕೊಂದು ಹೊಂದಿಕೊಂಡು ಬರಬೇಕು.

ಇಲ್ಲಿ ಹೇಳುವುದು ಹಳೆಯ ಪಿಂಚಣಿ ಪದ್ಧತಿಗೆ ಸೇರಿದ ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರಿಗೆ ಅನ್ವಯಿಸುತ್ತದೆ. 2006ರ ಏಪ್ರಿಲ್ 1 ಮತ್ತು ಆ ನಂತರ ರಾಜ್ಯ ಸೇವೆಗೆ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ಯೋಜನೆ ಜಾರಿಯಾಯಿತು. ಅದರ ಲೆಕ್ಕ ಬೇರೆ.

ಪತ್ರ ಯಾರಿಗೆ?

ಪಿಂಚಣಿ ಕಚೇರಿ ಎಂದು ಜನ ಕರೆಯುವುದು ನಿಜಕ್ಕೂ ಒಂದೇ ಕಚೇರಿಯಲ್ಲ. ಶಿಕ್ಷಕರು ನಿವೃತ್ತರಾಗುವಾಗ ಅವರ ಸೇವಾ ಪುಸ್ತಕ ಮತ್ತು ಪಿಂಚಣಿ ಕಡತ ಇಲಾಖೆಯಿಂದ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗುತ್ತವೆ. ಅಲ್ಲಿ ಅರ್ಹ ಸೇವೆ ಮತ್ತು ಕೊನೆಯ ವೇತನವನ್ನು ಪರಿಶೀಲಿಸಿ ಪಿಂಚಣಿ ಪಾವತಿ ಆದೇಶ ಹೊರಡಿಸುತ್ತಾರೆ. ಪಿಪಿಒ ಎಂದು ಎಲ್ಲರೂ ಕರೆಯುವುದು ಇದನ್ನೇ. ಆ ಆದೇಶ ಖಜಾನೆಯ ಮೂಲಕ ಹಣ ಪಾವತಿಸುವವರಿಗೆ ತಲುಪುತ್ತದೆ. ಪಿಂಚಣಿಯನ್ನು ಬ್ಯಾಂಕಿನ ಮೂಲಕ ಪಡೆಯುವವರ ವಿಷಯದಲ್ಲಿ ತಿಂಗಳ ಲೆಕ್ಕ ಹಾಕಿ ಖಾತೆಗೆ ಹಣ ಹಾಕುವುದು ಆ ಬ್ಯಾಂಕಿನ ಕೇಂದ್ರೀಕೃತ ಪಿಂಚಣಿ ವಿಭಾಗ. ಇದು ಸಾಮಾನ್ಯವಾಗಿ ಊರಿನ ಶಾಖೆಯಲ್ಲಿ ಇರುವುದಿಲ್ಲ; ಶಾಖೆಯವರು ದಾಖಲೆ ಪಡೆದು ಕಂಪ್ಯೂಟರಿನಲ್ಲಿ ನಮೂದಿಸಿದ ಮೇಲೆ ಆ ವಿಭಾಗಕ್ಕೆ ಅದು ಕಾಣುತ್ತದೆ.

ಈ ದಾರಿ ಗೊತ್ತಿದ್ದರೆ ಪತ್ರಕ್ಕೆ ವಿಳಾಸ ತಾನಾಗಿಯೇ ಸಿಗುತ್ತದೆ. ಪಿಂಚಣಿಯ ಮೊತ್ತವನ್ನೇ ತಪ್ಪಾಗಿ ನಿಗದಿಪಡಿಸಿದ್ದರೆ ಅದು ಇಲಾಖೆ ಮತ್ತು ಮಹಾಲೇಖಪಾಲರ ವಿಷಯ. ನಿಗದಿಯಾದ ಮೊತ್ತ ಇಷ್ಟು ವರ್ಷ ಸರಿಯಾಗಿ ಬರುತ್ತಿದ್ದು ಒಂದು ತಿಂಗಳು ಥಟ್ಟನೆ ನಿಂತಿದ್ದರೆ ಅದು ಪಾವತಿಸುವವರ ವಿಷಯ. ಆಗ ಪತ್ರವನ್ನು ಖಾತೆ ಇರುವ ಶಾಖೆಯ ವ್ಯವಸ್ಥಾಪಕರಿಗೆ ಬರೆದು, ಒಂದು ಪ್ರತಿಯನ್ನು ಬ್ಯಾಂಕಿನ ಪಿಂಚಣಿ ವಿಭಾಗಕ್ಕೂ ಕಳುಹಿಸಬೇಕು. ಖಜಾನೆಯಿಂದ ನೇರವಾಗಿ ಪಿಂಚಣಿ ಪಡೆಯುವವರು ಅದನ್ನೇ ಖಜಾನಾಧಿಕಾರಿಗೆ ಬರೆಯಬೇಕು. ಮಹಾಲೇಖಪಾಲರಿಗೆ ಮೊದಲೇ ಬರೆದರೆ ಪತ್ರ ಕೆಳಗಿನ ಕಚೇರಿಗೆ ಮರಳಿ ಬರುವಷ್ಟರಲ್ಲಿ ವಾರಗಳು ಕಳೆಯುತ್ತವೆ.

ನವೆಂಬರಿನ ದಾಖಲೆ

ಪಿಂಚಣಿ ಜೀವಿತಾವಧಿಯವರೆಗಿನ ಹಕ್ಕು. ಪಿಂಚಣಿದಾರರು ತೀರಿಕೊಂಡ ಸುದ್ದಿ ತಾನಾಗಿ ಬ್ಯಾಂಕಿಗೆ ತಲುಪುವ ಖಾತ್ರಿಯಿಲ್ಲದ ಕಾರಣ ವರ್ಷಕ್ಕೊಮ್ಮೆ, ರೂಢಿಯಲ್ಲಿ ನವೆಂಬರ್ ತಿಂಗಳಲ್ಲಿ, ಬದುಕಿರುವುದಕ್ಕೆ ದಾಖಲೆ ಕೇಳುತ್ತಾರೆ. ಅದು ನಮೂದಾಗದೆ ಹೋದರೆ ನವೆಂಬರ್ ನಂತರದ ಪಿಂಚಣಿಯನ್ನು ತಡೆಹಿಡಿಯುತ್ತಾರೆ. ಹೀಗೆ ತಡೆಹಿಡಿದ ಹಣ ರದ್ದಾಗುವುದಿಲ್ಲ. ದಾಖಲೆ ಸೇರಿದ ಮೇಲೆ ಬಾಕಿಯಾಗಿ ಬರುತ್ತದೆ.

ದಾಖಲೆ ಕೊಡಲು ಎರಡು ದಾರಿಗಳಿವೆ. ಹಳೆಯದು ಕಾಗದದ ನಮೂನೆ. ಪಿಂಚಣಿದಾರರು ಪಿಪಿಒ ಮತ್ತು ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ ಅಧಿಕಾರಿಯ ಎದುರು ಸಹಿ ಮಾಡುತ್ತಾರೆ. ಇವರನ್ನು ಇಂದು ಖುದ್ದಾಗಿ ನೋಡಿದ್ದೇನೆ ಎಂದು ಅಧಿಕಾರಿ ಸಹಿ ಹಾಕಿ ಮೊಹರು ಒತ್ತುತ್ತಾರೆ. ಪಿಂಚಣಿ ಕೊಡುವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಇದನ್ನು ಸ್ವೀಕರಿಸಬೇಕು, ಸ್ವೀಕರಿಸಿದ ಶಾಖೆಯೇ ಕಂಪ್ಯೂಟರಿನಲ್ಲಿ ನಮೂದಿಸಬೇಕು, ಸಹಿ ಮಾಡಿದ ಸ್ವೀಕೃತಿಯನ್ನು ಕೊಡಬೇಕು ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿದೆ. ಮಗನ ಮನೆಗೆಂದು ಮೈಸೂರಿಗೆ ಹೋದವರು ದಾಖಲೆ ಕೊಡಲಿಕ್ಕಾಗಿಯೇ ಸ್ವಂತ ಊರಿಗೆ ಬರಬೇಕಾಗಿಲ್ಲ.

ಎರಡನೆಯದು ಡಿಜಿಟಲ್ ದಾರಿ. ಕೇಂದ್ರ ಸರ್ಕಾರ 2014ರ ನವೆಂಬರ್ 10ರಂದು ಆರಂಭಿಸಿದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಆಧಾರ್ ಜೊತೆ ಬೆರಳಚ್ಚು ಅಥವಾ ಕಣ್ಣಿನ ಪಾಪೆಯನ್ನು ತಾಳೆ ನೋಡುತ್ತಾರೆ. ವಯಸ್ಸಾದಂತೆ ಬೆರಳಿನ ಗೆರೆಗಳು ಸವೆದು ಯಂತ್ರ ಗುರುತಿಸದಿರುವುದು ಸಾಮಾನ್ಯ. 2021ರ ನವೆಂಬರಿನಲ್ಲಿ ಮುಖ ಗುರುತಿಸುವ ವಿಧಾನ ಬಂದ ಮೇಲೆ ಕ್ಯಾಮೆರಾ ಇರುವ ಮೊಬೈಲ್ ಫೋನಿನಿಂದಲೂ ಈ ಕೆಲಸ ಆಗುತ್ತದೆ. ತಾಳೆಯಾದ ಕೂಡಲೇ ಫೋನಿಗೆ ಒಂದು ಸಂದೇಶ ಬರುತ್ತದೆ. ಅದರಲ್ಲಿರುವ ಸಂಖ್ಯೆಯೇ ಪ್ರಮಾಣ್ ಐಡಿ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಪ್ರಮಾಣ್ ಐಡಿ ಬಂದಿದೆ ಎಂದರೆ ಮುಖವೋ ಬೆರಳಚ್ಚೋ ಆಧಾರ್ ಜೊತೆ ಹೊಂದಿದೆ, ಪ್ರಮಾಣಪತ್ರ ತಯಾರಾಗಿದೆ ಎಂದಷ್ಟೇ ಅರ್ಥ. ಪಿಂಚಣಿ ಕೊಡುವವರು ಅದನ್ನು ಒಪ್ಪಿಕೊಂಡಿದ್ದಾರೆ ಎಂದು ಅದರಿಂದ ತಿಳಿಯುವುದಿಲ್ಲ. ಅರ್ಜಿಯಲ್ಲಿ ಪಿಪಿಒ ಸಂಖ್ಯೆ, ಖಾತೆ ಸಂಖ್ಯೆ, ಪಿಂಚಣಿಯ ಬಗೆ, ಹಣ ಪಾವತಿಸುವ ಸಂಸ್ಥೆ ಇವನ್ನೆಲ್ಲ ತುಂಬಬೇಕು. ಅಲ್ಲಿ ಆರಿಸಿದ ಸಂಸ್ಥೆಗೇ ಪ್ರಮಾಣಪತ್ರ ಹೋಗುತ್ತದೆ. ಪಿಪಿಒ ಸಂಖ್ಯೆಯ ಒಂದಂಕಿ ತಪ್ಪಿದರೆ ಅದನ್ನು ತಿರಸ್ಕರಿಸಬಹುದು. ಹಾಗಾದಾಗ ಹಳೆಯದನ್ನು ತಿದ್ದಲು ಬರುವುದಿಲ್ಲ, ಸರಿಯಾದ ವಿವರ ತುಂಬಿ ಹೊಸದಾಗಿ ಮಾಡಬೇಕು. ಎರಡು ಪಿಂಚಣಿ ಪಡೆಯುವವರು ಪ್ರತಿಯೊಂದು ಪಿಪಿಒಗೂ ಬೇರೆ ಬೇರೆಯಾಗಿ ಪ್ರಮಾಣಪತ್ರ ಮಾಡಬೇಕು. ನಿವೃತ್ತಿಯ ನಂತರ ಮತ್ತೆ ಉದ್ಯೋಗಕ್ಕೆ ಸೇರಿದವರಿಗೂ ಮರುಮದುವೆಯಾದ ಕುಟುಂಬ ಪಿಂಚಣಿದಾರರಿಗೂ ಡಿಜಿಟಲ್ ದಾರಿ ತೆರೆದಿಲ್ಲ. ಅವರು ಕಾಗದದ ದಾರಿಯನ್ನೇ ಹಿಡಿಯಬೇಕು.

ಒಂದು ಉದಾಹರಣೆ

ಇದು ವಿವರಣೆಗಾಗಿ ಕಲ್ಪಿಸಿಕೊಂಡ ಪ್ರಸಂಗ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನೆಲೆಸಿರುವ ಪ್ರೌಢಶಾಲೆಯ ನಿವೃತ್ತ ಶಿಕ್ಷಕಿಯೊಬ್ಬರಿಗೆ ಎರಡು ಪಿಂಚಣಿಗಳಿವೆ. ಸ್ವಂತ ಸೇವೆಯ ಪಿಂಚಣಿ ತಿಂಗಳಿಗೆ ₹34,200; ಅದು ಊರಿನ ಒಂದು ಬ್ಯಾಂಕಿನ ಖಾತೆಗೆ ಬರುತ್ತದೆ. ಬೇರೆ ಇಲಾಖೆಯಲ್ಲಿದ್ದು ತೀರಿಕೊಂಡ ಪತಿಯ ಕುಟುಂಬ ಪಿಂಚಣಿ ₹14,600. ಅದು ಶಿವಮೊಗ್ಗದ ಇನ್ನೊಂದು ಬ್ಯಾಂಕಿಗೆ ಬರುತ್ತದೆ. 2025ರ ನವೆಂಬರ್ 18ರಂದು ಅವರು ಸೇವಾ ಕೇಂದ್ರವೊಂದಕ್ಕೆ ಹೋಗಿ ಮುಖ ತೋರಿಸಿ ಪ್ರಮಾಣ್ ಐಡಿ ಪಡೆದರು. ಸಂದೇಶ ಬಂದದ್ದರಿಂದ ವರ್ಷದ ಕೆಲಸ ಮುಗಿಯಿತೆಂದು ತಿಳಿದರು.

ಜನವರಿ 6ರಂದು ಊರಿನ ಬ್ಯಾಂಕಿನಲ್ಲಿ ಪಾಸ್‌ಬುಕ್ ಮುದ್ರಿಸಿದಾಗ ನವೆಂಬರ್ ತಿಂಗಳ ₹34,200 ಇದೆ, ಡಿಸೆಂಬರ್ ತಿಂಗಳದ್ದು ಇಲ್ಲ. ಶಿವಮೊಗ್ಗದ ಖಾತೆಗೆ ಮಾತ್ರ ಕುಟುಂಬ ಪಿಂಚಣಿ ಎಂದಿನಂತೆ ಬಂದಿದೆ.

ಕಾರಣವನ್ನು ಪಾಸ್‌ಬುಕ್ಕೇ ಅರ್ಧ ಹೇಳುತ್ತದೆ. ಹಣ ಪೂರ್ತಿ ಬಾರದೆ, ಬೇರೆ ಯಾವ ಕಡಿತವೂ ಕಾಣದೆ, ನವೆಂಬರ್ ಮುಗಿದ ಮೇಲೆ ನಿಂತಿದ್ದರೆ ಮೊದಲ ಅನುಮಾನ ಜೀವಂತ ಪ್ರಮಾಣಪತ್ರದ ಮೇಲೆ. ಹಣ ಬಂದು ಮೊತ್ತ ಮಾತ್ರ ಕಡಿಮೆಯಾಗಿದ್ದರೆ ಆದಾಯ ತೆರಿಗೆಯ ಕಡಿತವೋ ಹಿಂದೆ ಹೆಚ್ಚಾಗಿ ಕೊಟ್ಟದ್ದರ ವಸೂಲಿಯೋ ಇರಬಹುದು. ಅದಕ್ಕೆ ಈ ಪತ್ರ ಸಲ್ಲದು, ಲೆಕ್ಕದ ವಿವರ ಕೇಳುವ ಬೇರೆ ಪತ್ರ ಬೇಕು. ಖಾತೆಯಿಂದ ಯಾವ ವ್ಯವಹಾರವೂ ಆಗದಂತೆ ಬ್ಯಾಂಕು ತಡೆದಿದ್ದರೆ ಕೆವೈಸಿ ದಾಖಲೆ ಹಳೆಯದಾಗಿರುವ ಸಾಧ್ಯತೆ ಇದೆ.

ಶಿಕ್ಷಕಿಯು jeevanpramaan.gov.in ತಾಣದಿಂದ ತಮ್ಮ ಪ್ರಮಾಣಪತ್ರವನ್ನು ಇಳಿಸಿಕೊಂಡು ನೋಡಿದಾಗ ಉಳಿದರ್ಧ ತಿಳಿಯಿತು. ಅದರಲ್ಲಿದ್ದದ್ದು ಪತಿಯ ಪಿಪಿಒ ಸಂಖ್ಯೆ ಮತ್ತು ಶಿವಮೊಗ್ಗದ ಬ್ಯಾಂಕಿನ ಹೆಸರು. ಊರಿನ ಬ್ಯಾಂಕಿಗೆ ಯಾವ ದಾಖಲೆಯೂ ಹೋಗಿರಲೇ ಇಲ್ಲ.

ಪತ್ರ

ಜನವರಿ 9ರಂದು ಅವರು ಪಿಪಿಒ, ಪಾಸ್‌ಬುಕ್ ಮತ್ತು ಆಧಾರ್ ಚೀಟಿಯೊಂದಿಗೆ ಶಾಖೆಗೆ ಹೋಗಿ ಕಾಗದದ ನಮೂನೆಗೆ ಅಧಿಕಾರಿಯ ಎದುರು ಸಹಿ ಮಾಡಿದರು. ಅದರೊಡನೆ ಕೊಟ್ಟ ಪತ್ರ ಹೀಗಿದೆ. ಹೆಸರು ಮತ್ತು ಸಂಖ್ಯೆಗಳ ಜಾಗವನ್ನು ಖಾಲಿ ಬಿಡಲಾಗಿದೆ.

ದಿನಾಂಕ: 09-01-2026

ಇಂದ:
……, ನಿವೃತ್ತ ಸಹ ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ, ……
ವಿಳಾಸ: …… ಮೊಬೈಲ್: ……

ಇವರಿಗೆ:
ಶಾಖಾ ವ್ಯವಸ್ಥಾಪಕರು, …… ಬ್ಯಾಂಕ್, …… ಶಾಖೆ

ಮಾನ್ಯರೇ,

ವಿಷಯ: ಜೀವಂತ ಪ್ರಮಾಣಪತ್ರ ಸಲ್ಲಿಕೆ ಹಾಗೂ ಡಿಸೆಂಬರ್ 2025ರ ಸೇವಾ ಪಿಂಚಣಿ ಜಮೆಯಾಗದಿರುವ ಬಗ್ಗೆ.

ಉಲ್ಲೇಖ: 1. ಪಿಪಿಒ ಸಂಖ್ಯೆ …… (ಸೇವಾ ಪಿಂಚಣಿ). 2. ಉಳಿತಾಯ ಖಾತೆ ಸಂಖ್ಯೆ ……

ಮೇಲಿನ ಪಿಪಿಒ ಪ್ರಕಾರ ನನ್ನ ಸೇವಾ ಪಿಂಚಣಿ ತಮ್ಮ ಶಾಖೆಯ ಖಾತೆಗೆ ಜಮೆಯಾಗುತ್ತಿದೆ. ನವೆಂಬರ್ 2025ರ ಪಿಂಚಣಿ ₹34,200 ಜಮೆಯಾಗಿದ್ದು, ಡಿಸೆಂಬರ್ 2025ರ ಪಿಂಚಣಿ ಈವರೆಗೆ ಜಮೆಯಾಗಿಲ್ಲ.

ದಿನಾಂಕ 18-11-2025ರಂದು ನಾನು ಮಾಡಿಸಿದ ಡಿಜಿಟಲ್ ಪ್ರಮಾಣಪತ್ರವು ನನ್ನ ಕುಟುಂಬ ಪಿಂಚಣಿಗೆ ಮಾತ್ರ ಸಂಬಂಧಿಸಿದ್ದು, ಬೇರೆ ಬ್ಯಾಂಕಿಗೆ ಸಲ್ಲಿಕೆಯಾಗಿರುವುದು ಈಗ ತಿಳಿದಿದೆ. ಆದ್ದರಿಂದ ಸೇವಾ ಪಿಂಚಣಿಗೆ ಸಂಬಂಧಿಸಿದ ಜೀವಂತ ಪ್ರಮಾಣಪತ್ರವನ್ನು ಇಂದು ಖುದ್ದಾಗಿ ಹಾಜರಾಗಿ ಸಲ್ಲಿಸಿದ್ದೇನೆ. ನಿವೃತ್ತಿಯ ನಂತರ ನಾನು ಯಾವುದೇ ಉದ್ಯೋಗದಲ್ಲಿಲ್ಲ.

ಪ್ರಮಾಣಪತ್ರವನ್ನು ಇಂದೇ ನಮೂದಿಸಿ, ಡಿಸೆಂಬರ್ 2025ರ ಬಾಕಿಯನ್ನು ಜಮೆ ಮಾಡಿಸಿ, ಪಿಂಚಣಿಯನ್ನು ಮುಂದುವರಿಸಲು ಕೋರುತ್ತೇನೆ. ಪಾವತಿ ನಿಲ್ಲಲು ಬೇರೆ ಕಾರಣವಿದ್ದಲ್ಲಿ ಅದನ್ನೂ, ಬಾಕಿ ಜಮೆಯಾಗುವ ದಿನಾಂಕವನ್ನೂ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ. ಈ ಪತ್ರಕ್ಕೆ ಸ್ವೀಕೃತಿ ನೀಡಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು: 1. ಜೀವಂತ ಪ್ರಮಾಣಪತ್ರ. 2. ಪಿಪಿಒದ ಮೊದಲ ಪುಟದ ಪ್ರತಿ. 3. ಅಕ್ಟೋಬರ್ 2025ರಿಂದ ಈವರೆಗಿನ ಪಾಸ್‌ಬುಕ್ ಪುಟಗಳ ಪ್ರತಿ.
ಪ್ರತಿ: ಬ್ಯಾಂಕಿನ ಕೇಂದ್ರೀಕೃತ ಪಿಂಚಣಿ ವಿಭಾಗಕ್ಕೆ, ಮಾಹಿತಿಗಾಗಿ.

ಸಾಲುಗಳ ಹಿಂದಿನ ಲೆಕ್ಕ

ಪತ್ರವನ್ನು ಮೊದಲು ಓದುವ ಗುಮಾಸ್ತರಿಗೆ ಬರೆದವರ ಪರಿಚಯ ಇರುವುದಿಲ್ಲ. ಅವರು ಹುಡುಕುವುದು ಪಿಪಿಒ ಸಂಖ್ಯೆಯಿಂದ. ಅದಕ್ಕಾಗಿಯೇ ಆ ಸಂಖ್ಯೆ ಉಲ್ಲೇಖದಲ್ಲಿ, ಪತ್ರದ ಒಡಲಿಗಿಂತ ಮೇಲೆ ಬರುತ್ತದೆ. ಎರಡು ಪಿಂಚಣಿ ಇರುವವರು ಇದು ಸೇವಾ ಪಿಂಚಣಿಯೋ ಕುಟುಂಬ ಪಿಂಚಣಿಯೋ ಎಂದು ಅಲ್ಲಿಯೇ ಹೇಳಿಬಿಡಬೇಕು. ಸಂಖ್ಯೆಯನ್ನು ನೆನಪಿನಿಂದ ಬರೆಯಬಾರದು, ಪಿಪಿಒ ಪುಸ್ತಕ ನೋಡಿಕೊಂಡೇ ಬರೆಯಬೇಕು.

ತಿಂಗಳನ್ನು ಹೇಳುವ ರೀತಿಯಲ್ಲೂ ಎಚ್ಚರ ಬೇಕು. ಪಿಂಚಣಿ ಕೆಲವರಿಗೆ ಆಯಾ ತಿಂಗಳ ಕೊನೆಗೆ, ಕೆಲವರಿಗೆ ಮುಂದಿನ ತಿಂಗಳ ಆರಂಭಕ್ಕೆ ಜಮೆಯಾಗುತ್ತದೆ. ಡಿಸೆಂಬರಿನಲ್ಲಿ ಹಣ ಬರಲಿಲ್ಲ ಎಂದಷ್ಟೇ ಬರೆದರೆ ಅದು ನವೆಂಬರ್ ತಿಂಗಳ ಹಣವೋ ಡಿಸೆಂಬರ್ ತಿಂಗಳದೋ ಎಂದು ಓದುವವರು ಊಹಿಸಬೇಕಾಗುತ್ತದೆ. ಕೊನೆಯದಾಗಿ ಬಂದದ್ದು ಯಾವ ತಿಂಗಳ ಪಿಂಚಣಿ, ಎಷ್ಟು ಎಂದು ಮೊದಲು ಹೇಳಿ, ನಂತರ ಬಾರದ ತಿಂಗಳನ್ನು ಹೆಸರಿಸಿದರೆ ಈ ಗೊಂದಲ ಇರುವುದಿಲ್ಲ.

ಮೂರನೆಯ ವಿಷಯ ನವೆಂಬರಿನಲ್ಲಿ ನಡೆದದ್ದನ್ನು ಮುಚ್ಚಿಡದೆ ಹೇಳುವುದು. ನಾನು ಆಗಲೇ ಪ್ರಮಾಣಪತ್ರ ಕೊಟ್ಟಿದ್ದೇನೆ ಎಂದು ಶಿಕ್ಷಕಿ ವಾದಿಸಿದ್ದರೆ ಬ್ಯಾಂಕಿನವರು ತಮ್ಮ ದಾಖಲೆಯಲ್ಲಿ ಅದನ್ನು ಹುಡುಕಿ, ಇಲ್ಲವೆಂದು ಉತ್ತರಿಸಿ, ಮತ್ತೆ ಅವರನ್ನು ಕರೆಸುತ್ತಿದ್ದರು. ಆ ದಾಖಲೆ ಎಲ್ಲಿಗೆ ಹೋಗಿದೆ ಎಂದು ಅವರೇ ಹೇಳಿದ್ದರಿಂದ ಶಾಖೆಯವರಿಗೆ ಉಳಿಯುವುದು ಹೊಸ ದಾಖಲೆಯನ್ನು ನಮೂದಿಸುವ ಕೆಲಸ ಮಾತ್ರ.

ಪತ್ರದಲ್ಲಿ ಔಷಧಿಯ ಖರ್ಚು, ಮನೆಯ ಕಷ್ಟ, ಮೂವತ್ತು ವರ್ಷದ ಸೇವೆಯ ನೆನಪು ಯಾವುದೂ ಇಲ್ಲ. ಅವೆಲ್ಲ ನಿಜವೇ ಆಗಿದ್ದರೂ ಹಣ ಬರುವುದು ಅವುಗಳ ಆಧಾರದ ಮೇಲಲ್ಲ. ಪಿಂಚಣಿ ಸರ್ಕಾರ ಮನಸ್ಸು ಬಂದಂತೆ ಕೊಡುವ ಕೊಡುಗೆಯಲ್ಲ, ಅದು ಸಲ್ಲಿಸಿದ ಸೇವೆಯಿಂದ ಬಂದ ಹಕ್ಕು ಎಂದು ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಆ ದಿನವನ್ನು ಪಿಂಚಣಿದಾರರು ತಮ್ಮ ದಿನವಾಗಿ ಆಚರಿಸುತ್ತಾರೆ. ಹಕ್ಕಿನ ಹಣವನ್ನು ಕೇಳುವ ಪತ್ರಕ್ಕೆ ಅಂಗಲಾಚುವ ಧಾಟಿಯೂ ಬೇಡ, ಗದರಿಸುವ ಧಾಟಿಯೂ ಬೇಡ.

ಸ್ವೀಕೃತಿಯ ಬೆಲೆ

ಪತ್ರವನ್ನು ಎರಡು ಪ್ರತಿ ಒಯ್ಯಬೇಕು. ಒಂದನ್ನು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕರಿಸಿದವರ ಸಹಿ, ದಿನಾಂಕ, ಮೊಹರು ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರದ ಸ್ವೀಕೃತಿಯನ್ನೂ ಬೇರೆಯಾಗಿ ಪಡೆಯಬೇಕು. ತಡ ಯಾರಿಂದಾಯಿತು ಎಂಬ ಪ್ರಶ್ನೆ ಎದ್ದಾಗ ಉತ್ತರ ಕೊಡುವುದು ಈ ಚೀಟಿಯೇ.

ಪಿಂಚಣಿಯನ್ನಾಗಲಿ ಬಾಕಿಯನ್ನಾಗಲಿ ಬ್ಯಾಂಕು ತನ್ನ ಕಡೆಯಿಂದ ತಡವಾಗಿ ಜಮೆ ಮಾಡಿದರೆ, ತಡವಾದ ಅವಧಿಗೆ ವರ್ಷಕ್ಕೆ ಶೇಕಡ 8ರಂತೆ ಪರಿಹಾರ ಕೊಡಬೇಕು, ಅದನ್ನು ಪಿಂಚಣಿದಾರರು ಕೇಳುವವರೆಗೆ ಕಾಯದೆ ಖಾತೆಗೆ ಹಾಕಬೇಕು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಈ ಶಿಕ್ಷಕಿ ನವೆಂಬರ್ 18ರಂದೇ ಊರಿನ ಶಾಖೆಗೆ ಕಾಗದದ ಪ್ರಮಾಣಪತ್ರ ಕೊಟ್ಟು ಸ್ವೀಕೃತಿ ಪಡೆದಿದ್ದು, ಶಾಖೆಯವರು ನಮೂದಿಸಲು ಮರೆತಿದ್ದರೆ ಈ ಸೂಚನೆ ಅನ್ವಯಿಸುತ್ತಿತ್ತು. ಆಗ ₹34,200 ಮೂವತ್ತು ದಿನ ತಡವಾಗಿದ್ದಕ್ಕೆ ಸುಮಾರು ₹225 ಸೇರಬೇಕಾಗುತ್ತಿತ್ತು. ಅವರ ಪ್ರಸಂಗದಲ್ಲಿ ಬ್ಯಾಂಕಿಗೆ ದಾಖಲೆಯೇ ತಲುಪಿರಲಿಲ್ಲವಾದ್ದರಿಂದ ಜನವರಿ 9ರ ಹಿಂದಿನ ದಿನಗಳಿಗೆ ಪರಿಹಾರ ಕೇಳಲು ಬರುವುದಿಲ್ಲ. ಆ ದಿನದ ನಂತರವೂ ಶಾಖೆ ಸುಮ್ಮನೆ ಕುಳಿತರೆ ಲೆಕ್ಕ ಬೇರೆಯಾಗುತ್ತದೆ. ಅದನ್ನು ತೋರಿಸಲು ಜನವರಿ 9ರ ಮೊಹರು ಇರಬೇಕು.

ಶಾಖೆಗೆ ಹೋಗಲಾಗದವರಿಗೂ ದಾರಿಗಳಿವೆ. ಹಾಸಿಗೆ ಹಿಡಿದವರ ಮನೆಗೆ ಬ್ಯಾಂಕಿನ ಅಧಿಕಾರಿಯನ್ನು ಕಳುಹಿಸುವಂತೆ ಇದೇ ಪತ್ರದಲ್ಲಿ ಕೋರಬಹುದು. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಅಂಚೆಯಣ್ಣನೂ ಮನೆಗೆ ಬಂದು, ನಿಗದಿತ ಶುಲ್ಕ ಪಡೆದು, ಡಿಜಿಟಲ್ ಪ್ರಮಾಣಪತ್ರ ಮಾಡಿಕೊಡುತ್ತಾರೆ. ನವೆಂಬರಿನಲ್ಲಿ ಮಗಳ ಬಾಣಂತನಕ್ಕೆಂದು ವಿದೇಶದಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನ ಅಧಿಕಾರಿಯಿಂದ ನಮೂನೆಗೆ ಸಹಿ ಮಾಡಿಸಿ ಬ್ಯಾಂಕಿಗೆ ಕಳುಹಿಸಬಹುದು. ಅಂಚೆಯಲ್ಲಿ ಕಳುಹಿಸುವವರು ಸ್ಪೀಡ್ ಪೋಸ್ಟ್ ರಸೀದಿಯನ್ನು ಪತ್ರದ ಪ್ರತಿಗೆ ಅಂಟಿಸಿಟ್ಟುಕೊಳ್ಳಬೇಕು. ಪ್ರಮಾಣಪತ್ರ ಮಾಡಿಸುವ ನೆಪದಲ್ಲಿ ಅಪರಿಚಿತರು ಫೋನು ಮಾಡಿ ಒಟಿಪಿ ಕೇಳಿದರೆ ಕೊಡಲೇಬಾರದು. ಖಾತೆಯ ಹಣ ಹೋಗುವುದು ಅಲ್ಲಿಂದಲೇ.

ಉತ್ತರ ಬಾರದಿದ್ದರೆ

ದಾಖಲೆ ನಮೂದಾದ ಮೇಲೆ ಪಿಂಚಣಿ ವಿಭಾಗ ತಡೆಯನ್ನು ತೆಗೆದು, ಬಾಕಿಯನ್ನು ಬೇರೆಯಾಗಿಯೋ ಮುಂದಿನ ಪಿಂಚಣಿಯ ಜೊತೆಗೋ ಜಮೆ ಮಾಡುತ್ತದೆ. ಜೊತೆಗೇ ಬಂದರೆ ಶಿಕ್ಷಕಿಯ ಪಾಸ್‌ಬುಕ್ಕಿನಲ್ಲಿ ಡಿಸೆಂಬರ್ ಮತ್ತು ಜನವರಿ ಸೇರಿ ₹68,400 ಕಾಣಬೇಕು. ಬರೀ ₹34,200 ಬಂದಿದ್ದರೆ ಪಿಂಚಣಿ ಮತ್ತೆ ಶುರುವಾಗಿದೆ, ಬಾಕಿ ಮಾತ್ರ ಉಳಿದಿದೆ ಎಂದರ್ಥ. ಆಗ ಮೊದಲ ಪತ್ರವನ್ನು ಉಲ್ಲೇಖದಲ್ಲಿ ತೋರಿಸಿ, ಬಾಕಿಯ ವಿಷಯವೊಂದನ್ನೇ ಎತ್ತಿ ಎರಡನೆಯ ಪತ್ರ ಬರೆಯಬೇಕು.

ಹಣವೂ ಇಲ್ಲ, ಉತ್ತರವೂ ಇಲ್ಲ ಎಂದಾದರೆ ಬ್ಯಾಂಕಿನ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ಕೊಡಬೇಕು. ಅದಕ್ಕೂ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. cms.rbi.org.in ತಾಣದಲ್ಲಿ ದೂರು ದಾಖಲಿಸಬಹುದು, ವಕೀಲರ ಅಗತ್ಯವಿಲ್ಲ. ಬ್ಯಾಂಕಿಗೆ ಮೊದಲು ದೂರು ಕೊಟ್ಟದ್ದಕ್ಕೆ ಪುರಾವೆ ಅಲ್ಲಿ ಬೇಕಾಗುತ್ತದೆ; ಮೊಹರು ಬಿದ್ದ ಪ್ರತಿಗಳು ಇಲ್ಲಿಯೂ ಕೆಲಸಕ್ಕೆ ಬರುತ್ತವೆ. ಖಜಾನೆಯಿಂದಲೇ ಪಿಂಚಣಿ ಪಡೆಯುವವರಿಗೆ ಈ ದಾರಿ ಇಲ್ಲ. ಅವರು ಖಜಾನೆಯ ಮೇಲಧಿಕಾರಿಗಳಿಗೆ ಬರೆಯಬೇಕು.

ಪಾವತಿ ನಿಂತು ಒಂದೆರಡು ತಿಂಗಳಾಗಿದ್ದರೆ ಪ್ರಮಾಣಪತ್ರ ಮತ್ತು ಈ ಒಂದು ಪತ್ರ ಸಾಕಾಗುತ್ತದೆ. ವರ್ಷಗಟ್ಟಲೆ ಪಿಂಚಣಿ ಪಡೆಯದೆ ಬಿಟ್ಟಿದ್ದರೆ ಬ್ಯಾಂಕು ತಾನಾಗಿಯೇ ಬಾಕಿ ಕೊಡುವಂತಿಲ್ಲ. ಮೇಲಿನ ಅಧಿಕಾರಿಗಳ ಮಂಜೂರಾತಿ ಬೇಕಾಗುತ್ತದೆ, ಕಡತ ಮತ್ತೆ ಖಜಾನೆ ಮತ್ತು ಮಹಾಲೇಖಪಾಲರ ದಾರಿ ಹಿಡಿಯುತ್ತದೆ. ಆದ್ದರಿಂದ ಡಿಸೆಂಬರ್ ತಿಂಗಳ ಪಿಂಚಣಿ ಬರಬೇಕಾದ ಹೊತ್ತಿಗೆ ಎಲ್ಲ ಪಿಂಚಣಿದಾರರೂ ಪಾಸ್‌ಬುಕ್ ಮುದ್ರಿಸಿ ನೋಡಬೇಕು. ನವೆಂಬರಿನ ದಾಖಲೆ ಸರಿಯಾದ ಜಾಗಕ್ಕೆ ಸೇರಿದೆಯೋ ಇಲ್ಲವೋ ಎಂಬುದು ಆ ಒಂದು ಜಮೆಯಿಂದ ಗೊತ್ತಾಗುತ್ತದೆ.